ಕೊಟ್ಟೂರಿನಲ್ಲಿ ಇಳಿದವರ ಪಾಲೆಷ್ಟು?

ಕೊಟ್ಟೂರಿನ ಓದುಗರೊಬ್ಬರು ಈ ಸಲ ಪ್ರಶ್ನೆಯ ಬದಲು ಒಂದು ತಕರಾರನ್ನೇ ಬರೆದು ಕಳಿಸಿದ್ದಾರೆ. ಹರಪನಹಳ್ಳಿಯಲ್ಲಿ ಗೆಳೆಯನ ಮದುವೆ ಊಟ ಮುಗಿಸಿ ಐದು ಜನ ಒಂದೇ ಕಾರಿನಲ್ಲಿ ಹೊರಟರಂತೆ. ನಾಲ್ವರು ಕೊಟ್ಟೂರಿನಲ್ಲಿ ಇಳಿದರು. ಕಾರಿನ ಯಜಮಾನ ಹಗರಿಬೊಮ್ಮನಹಳ್ಳಿ ಹಾದು ಹೊಸಪೇಟೆಯ ತನ್ನ ಮನೆ ಸೇರಿಕೊಂಡ. ಪೆಟ್ರೋಲ್ ದುಡ್ಡನ್ನು ಯಾರು ಎಷ್ಟು ಕಿಲೋಮೀಟರ್ ಕೂತಿದ್ದರೋ ಆ ಪ್ರಕಾರ ಹಂಚಿಕೊಂಡರು. 'ಲೆಕ್ಕ ಸರಿಯಾಗೇ ಇದೆ ಸರ್, ಆದರೂ ನಾವು ನಾಲ್ಕು ಮಂದಿ ಟೋಪಿ ಹಾಕಿಸಿಕೊಂಡ ಹಂಗೆ ಅನಿಸ್ತದೆ. ಯಾಕೆ?' ಎಂದು ಕೇಳಿದ್ದಾರೆ.

ಟೋಪಿ ಬಿದ್ದಿರುವುದು ನಿಜ. ಹೇಗೆ ಎಂದು ನೋಡೋಣ. ಹರಪನಹಳ್ಳಿಯಿಂದ ಕೊಟ್ಟೂರು, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಹೊಸಪೇಟೆ, ಹೀಗೆ ದಾರಿ ಮೂರು ತುಂಡು. ಕೊನೆಯ ತುಂಡು ಸ್ವಲ್ಪ ಉದ್ದ. ಆದರೂ ಲೆಕ್ಕ ಹಗುರಾಗಲೆಂದು ಮೂರನ್ನೂ 30 ಕಿಲೋಮೀಟರ್ ಎಂದೇ ಇಟ್ಟುಕೊಳ್ಳುತ್ತೇನೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು, ಲೀಟರಿಗೆ 100 ರೂಪಾಯಿ ಪೆಟ್ರೋಲ್ ಎಂದರೆ ತುಂಡಿಗೆ 200 ರೂಪಾಯಿ, ಒಟ್ಟು 600.

ಈಗ ಗೆಳೆಯರು ಹಂಚಿದ ಹಾಗೇ ಹಂಚಿ. ಕೊಟ್ಟೂರಿನ ಪ್ರತಿಯೊಬ್ಬನದು 30 ಕಿಲೋಮೀಟರ್, ಹೊಸಪೇಟೆಯವನದು 90. ಅಂದರೆ ನಾಲ್ವರದು ಒಂದೊಂದು ಪಾಲು, ಅವನದು ಮೂರು, ಒಟ್ಟು ಏಳು ಪಾಲು. 600ನ್ನು ಏಳರಿಂದ ಭಾಗಿಸಿದರೆ ಕೊಟ್ಟೂರಿನವನಿಗೆ ತಲಾ ಸುಮಾರು 86, ಹೊಸಪೇಟೆಯವನಿಗೆ 257. ನೋಡಲು ಎಷ್ಟು ಸಾಚಾ ಲೆಕ್ಕ! ಆದರೆ ಹೊಸಪೇಟೆಯವನು ಮದುವೆಗೆ ಬಂದೇ ಇರಲಿಲ್ಲ, ನಾಲ್ವರೇ ಇಂಥದೇ ಇನ್ನೊಂದು ಕಾರಿನಲ್ಲಿ ಕೊಟ್ಟೂರಿಗೆ ವಾಪಸಾದರು ಎಂದುಕೊಳ್ಳಿ. ಖರ್ಚು 200, ತಲಾ 50. ಜೊತೆಗೊಬ್ಬ ಸೇರಿದಾಗ ಖರ್ಚು ಇಳಿಯಬೇಕು ತಾನೆ? ಇಲ್ಲಿ 50 ಇದ್ದದ್ದು 86ಕ್ಕೆ ಏರಿತು. ತಾವು ಟೈರಿನಡಿ ಕಾಣದ ರಸ್ತೆಗೆ, ಅಂದರೆ ಕೊಟ್ಟೂರಿನಿಂದ ಆಚೆಗಿನ 60 ಕಿಲೋಮೀಟರಿಗೆ, ಈ ನಾಲ್ವರು ಪೆಟ್ರೋಲ್ ಹಾಕಿಸಿಕೊಟ್ಟಿದ್ದಾರೆ.

ಯಾವ ಹಂಚಿಕೆಯನ್ನಾದರೂ ಹೀಗೆ ಒರೆಗೆ ಹಚ್ಚಬಹುದು. ಕಾರಿನಲ್ಲಿರುವವರಲ್ಲಿ ಯಾವುದೇ ಒಂದು ಗುಂಪನ್ನು ಆರಿಸಿ, ಇವರಷ್ಟೇ ಬೇರೆ ಗಾಡಿ ಮಾಡಿಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿ. ಈಗ ಅವರೆಲ್ಲ ಸೇರಿ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಹಂಚಿಕೆ ಕೆಟ್ಟಿದೆ. ಒಬ್ಬೊಬ್ಬರನ್ನೇ ನೋಡಿದರೆ ಸಾಲದು ಎನ್ನುವುದೇ ಇದರ ಸೂಕ್ಷ್ಮ. ಕೊಟ್ಟೂರಿನ ಒಬ್ಬನೇ ಬೇರೆ ಹೋಗಿದ್ದರೆ 200 ತೆರಬೇಕಿತ್ತು, 86 ಅವನಿಗೆ ಲಾಭವೇ. ನಾಲ್ವರನ್ನು ಒಟ್ಟಿಗೆ ನಿಲ್ಲಿಸಿದಾಗ ಮಾತ್ರ ಮೋಸ ಬಯಲಾಗುತ್ತದೆ. ಪತ್ರ ಬರೆದವರಿಗೆ ಲೆಕ್ಕ ಸರಿ ಅನ್ನಿಸಿದ್ದೂ, ಹೊಟ್ಟೆಯೊಳಗೆ ತಳಮಳ ಆಗಿದ್ದೂ ಎರಡೂ ಇದಕ್ಕೇ.

ಈ ಕಿಲೋಮೀಟರ್ ಲೆಕ್ಕ ನಮ್ಮ ತಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದು ಬಸ್ ಟಿಕೆಟ್ಟಿನಿಂದ ಎಂದು ನನ್ನ ಗುಮಾನಿ. ಕಂಡಕ್ಟರ್ ಸ್ಟೇಜ್ ಎಣಿಸಿ ದುಡ್ಡು ತಗೊಳ್ಳುತ್ತಾನೆ, ದೂರ ಹೆಚ್ಚಿದ ಹಾಗೆ ದರವೂ ಹೆಚ್ಚು, ಅದೇ ನ್ಯಾಯ ಅನ್ನಿಸಿಬಿಟ್ಟಿದೆ. ಆದರೆ ಬಸ್ಸು ನೀವು ಹತ್ತಿದರೂ ಹೊರಡುತ್ತದೆ, ಬಿಟ್ಟರೂ ಹೊರಡುತ್ತದೆ. ಅಲ್ಲಿ ದರ ಮೊದಲೇ ಗೊತ್ತಾಗಿರುತ್ತದೆ, ಮುಂದಿನ ಸೀಟಿನವನಿಗೂ ನಿಮಗೂ ಯಾವ ವ್ಯವಹಾರವೂ ಇಲ್ಲ. ಕಾರಿನಲ್ಲಿ ಹಾಗಲ್ಲ. ಇಷ್ಟೇ ಖರ್ಚು, ಇಷ್ಟೇ ಜನ, ಒಬ್ಬ ಕಡಿಮೆ ಕೊಟ್ಟರೆ ಇನ್ನೊಬ್ಬನ ಜೇಬಿಗೆ ಕತ್ತರಿ.

ಹಾಗಾದರೆ ಸರಿಯಾದ ಹಂಚಿಕೆ ಯಾವುದು? ಇಡೀ ದಾರಿಯನ್ನು ಒಟ್ಟಿಗೆ ಹಂಚಬೇಡಿ, ತುಂಡು ತುಂಡಾಗಿ ಹಂಚಿ. ಯಾವ ತುಂಡಿನಲ್ಲಿ ಯಾರು ಯಾರು ಕಾರಿನಲ್ಲಿದ್ದರೋ ಆ ತುಂಡಿನ ಖರ್ಚನ್ನು ಅವರಷ್ಟೇ ಸಮನಾಗಿ ಹೊರಲಿ. ಹರಪನಹಳ್ಳಿಯಿಂದ ಕೊಟ್ಟೂರಿನ ತನಕ ಐವರಿದ್ದರು, 200ರಲ್ಲಿ ತಲಾ 40. ಮುಂದಿನ 400 ಹೊಸಪೇಟೆಯವನ ಒಬ್ಬನದೇ, ಅವನದು ಒಟ್ಟು 440. ಕೊಟ್ಟೂರಿನವರಿಗೆ 50ರ ಬದಲು 40, ಅವನಿಗೆ 600ರ ಬದಲು 440. ಎಲ್ಲರಿಗೂ ಉಳಿತಾಯ, ಯಾರ ಮುಖವೂ ಊದಿಕೊಳ್ಳುವ ಹಾಗಿಲ್ಲ.

ಇಷ್ಟನ್ನು ಒಬ್ಬ ಜಾಣ ಕಾರು ಚಾಲಕನೂ ಹೇಳಿಯಾನು. ನನಗೆ ರೋಮಾಂಚನ ಆಗುವುದು ಮುಂದಿನ ಸಂಗತಿಗೆ. ಇಂಥ ಕಡೆ ಎರಡು ವಾದ ಹುಟ್ಟುತ್ತವೆ. ಇಳಿಯುವವರು, 'ನೀ ಹೆಂಗೂ ಹೊಸಪೇಟೆಗೆ ಹೋಗಾವನೇ ಇದ್ದಿ, ನಮ್ಮಿಂದ ನಿಂಗೇನು ಹೆಚ್ಚಿಗಿ ಖರ್ಚಾತು?' ಎನ್ನುತ್ತಾರೆ. ಅವರ ಪ್ರಕಾರ ಅವರ ಪಾಲು ಸೊನ್ನೆ. ಕಾರಿನವನು, 'ಕೊಟ್ಟೂರಿನ ತನಕ ನೀವೇ ಗಾಡಿ ಮಾಡಿದ್ರ ಎಷ್ಟು ಕೊಡ್ತಿದ್ರಿ?' ಎನ್ನುತ್ತಾನೆ. ಅವನ ಪ್ರಕಾರ ಮೊದಲ 200 ಪೂರ್ತಿ ಅವರದು. ಎರಡೂ ವಾದದಲ್ಲಿ ಹುರುಳಿದೆ. ಇರುವ ವ್ಯತ್ಯಾಸ ಇಷ್ಟೇ: ಕಾರಿಗೆ ಮೊದಲು ಹತ್ತಿದವರು ಯಾರು ಎಂದು ಒಬ್ಬೊಬ್ಬರು ಒಂದೊಂದು ಥರ ಎಣಿಸಿಕೊಂಡಿದ್ದಾರೆ.

ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ ಈ ಜಗಳಕ್ಕೆ ಒಂದು ಸೊಗಸಾದ ಪಂಚಾಯ್ತಿ ಮಾಡಿದ. ಯಾರು ಮೊದಲು ಎನ್ನುವುದೇ ವ್ಯಾಜ್ಯವಾದರೆ ಸಾಧ್ಯವಿರುವ ಎಲ್ಲ ಸರದಿಗಳನ್ನೂ ಬರೆಯಿರಿ. ಪ್ರತಿ ಸರದಿಯಲ್ಲೂ ಹತ್ತಿದವನು ತನ್ನಿಂದ ಎಷ್ಟು ಖರ್ಚು ಹೆಚ್ಚಾಯಿತೋ ಅಷ್ಟನ್ನು ಕೊಡಲಿ. ಕಡೆಗೆ ಸರಾಸರಿ ತೆಗೆಯಿರಿ. ಅವನಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದು ಬೇರೊಂದು ಕೆಲಸಕ್ಕೆ, ಎರಡು ಕಡೆಯವರನ್ನು ಜೋಡಿ ಕೂಡಿಸುವ ಲೆಕ್ಕಕ್ಕೆ, ಆಲ್ವಿನ್ ರಾತ್ ಜೊತೆ ಹಂಚಿಕೆಯಾಗಿ.

ಮೂವರನ್ನು ಇಟ್ಟುಕೊಂಡು ಮಾಡಿ ನೋಡೋಣ. ಒಬ್ಬ ಕೊಟ್ಟೂರಿನವನು, ಒಬ್ಬ ಹಗರಿಬೊಮ್ಮನಹಳ್ಳಿಯವನು, ಒಬ್ಬ ಹೊಸಪೇಟೆಯವನು. (ಮೂವರು ಹೊರಟರೆ ಹೋದ ಕೆಲಸ ಕೆಡುತ್ತದೆ ಎಂದು ಬಾಗಿಲಲ್ಲೇ ತಡೆಯುವ ಹಿರಿಯರು ದಯವಿಟ್ಟು ಸುಮ್ಮನಿರಬೇಕು. ಆ ನಂಬಿಕೆಗಾಗಿ ನಾಲ್ಕನೆಯವನನ್ನು ಎಬ್ಬಿಸಿಕೊಂಡು ಹೋಗಿ, ಅವನ ಊಟ-ಚಹಾಕ್ಕೆ ಮೂವರೂ ದುಡ್ಡು ಹಾಕಿದ್ದನ್ನು ನಾನೇ ಕಂಡಿದ್ದೇನೆ.) ಮೂವರ ಸರದಿ ಆರು ಬಗೆ. ಹೊಸಪೇಟೆಯವನು ಮೊದಲು ಹತ್ತಿದರೆ 600 ಅವನ ತಲೆಗೇ, ಉಳಿದಿಬ್ಬರಿಗೆ ಸೊನ್ನೆ. ಇದು ಎರಡು ಸರದಿಯಲ್ಲಿ. ಹಗರಿಬೊಮ್ಮನಹಳ್ಳಿಯವನು ಮೊದಲಾದರೆ ಅವನದು 400, ಹೊಸಪೇಟೆಯವನದು ಉಳಿದ 200, ಕೊಟ್ಟೂರಿನವನದು ಸೊನ್ನೆ. ಇದೂ ಎರಡರಲ್ಲಿ. ಕೊಟ್ಟೂರಿನವನು ಮೊದಲಾದರೆ ಅವನದು 200. ಆಮೇಲೆ ಹಗರಿಬೊಮ್ಮನಹಳ್ಳಿಯವನು ಬಂದರೆ ಉಳಿದಿಬ್ಬರಿಗೂ 200-200. ಅವನಿಗಿಂತ ಮುಂಚೆ ಹೊಸಪೇಟೆಯವನು ನುಗ್ಗಿದರೆ ಅವನಿಗೇ 400.

ಕೂಡಿಸಿ. ಕೊಟ್ಟೂರಿನವನದು ಆರು ಸರದಿಯಲ್ಲಿ 400, ಸರಾಸರಿ ಸುಮಾರು 67. ಹಗರಿಬೊಮ್ಮನಹಳ್ಳಿಯವನದು 1000, ಸರಾಸರಿ 167. ಹೊಸಪೇಟೆಯವನದು 2200, ಸರಾಸರಿ 367. ಇನ್ನು ಸರದಿ-ಗಿರದಿ ಎಲ್ಲ ಮರೆತು ತುಂಡು ತುಂಡಾಗಿ ಹಂಚಿ ನೋಡಿ. ಮೊದಲ 200 ಮೂವರಿಗೆ, ತಲಾ 67. ಎರಡನೆಯದು ಇಬ್ಬರಿಗೆ, ತಲಾ 100. ಮೂರನೆಯದು ಒಬ್ಬನಿಗೆ. ಬಂದದ್ದು 67, 167, 367! ಆರು ಸರದಿಗಳ ಗೋಜಲು ಒಂದು ಕಡೆ, ಮೂರನೇ ಇಯತ್ತೆಯ ಭಾಗಾಕಾರ ಇನ್ನೊಂದು ಕಡೆ, ಎರಡರ ಉತ್ತರವೂ ಒಂದೇ. ಐವರ ಕಾರಿನಲ್ಲಾದರೆ ಸರದಿಗಳು 120 ಆಗುತ್ತವೆ, ಯಾರೂ ಬರೆಯುತ್ತಾ ಕೂರಬೇಕಿಲ್ಲ.

ಈ ಹೊಂದಾಣಿಕೆಯನ್ನು ಗಣಿತದಲ್ಲಿ ತೋರಿಸಿಕೊಟ್ಟವರು ಸ್ಟೀಫನ್ ಲಿಟಲ್‌ಚೈಲ್ಡ್ ಮತ್ತು ಗಿಲರ್ಮೊ ಓವೆನ್, 1973ರಲ್ಲಿ. ಅವರೆದುರು ಇದ್ದದ್ದು ಕಾರಲ್ಲ, ವಿಮಾನದ ರನ್‌ವೇ. ಚಿಕ್ಕ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದ ಬೇಕು. ಕಟ್ಟಿದ ಖರ್ಚನ್ನು ಯಾರಿಂದ ಎಷ್ಟು ವಸೂಲಿ ಮಾಡಬೇಕು? ಮೊದಲ ತುಂಡಿಗೆ ಎಲ್ಲರೂ, ಕೊನೆಯ ತುಂಡಿಗೆ ದೊಡ್ಡ ವಿಮಾನಗಳಷ್ಟೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದ ಲೆಕ್ಕ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದೂ ಇದೆ. ಕೊಟ್ಟೂರಿನಲ್ಲಿ ಇಳಿಯುವವನು ಆ ಚಿಕ್ಕ ವಿಮಾನ.

ಬಾಡಿಗೆ ಗಾಡಿಯಾದರೆ ಒಂದು ಎಚ್ಚರ ಬೇಕು. ಹೋಗಿ-ಬರುವ ಕಿಲೋಮೀಟರ್ ಎರಡೂ ಬಿಲ್ಲಿಗೆ ಬೀಳುತ್ತವೆ. ಅದರಿಂದ ಪ್ರತಿ ತುಂಡಿನ ಬೆಲೆ ದುಪ್ಪಟ್ಟಾಗುತ್ತದೆ, ಹಂಚುವ ರೀತಿ ಬದಲಾಗುವುದಿಲ್ಲ. ಡ್ರೈವರ್ ಬಾಟಾ ಹಾಗಲ್ಲ. ಗಾಡಿ ಕೊಟ್ಟೂರಿಗೆ ಹೋದರೂ ಹೊಸಪೇಟೆಗೆ ಹೋದರೂ ಬಾಟಾ 500 ಎಂದಿದ್ದರೆ, ಅದು ಮೊದಲ ಹೆಜ್ಜೆಗೇ ಬಿದ್ದ ಖರ್ಚು, ಎಲ್ಲರೂ ಸಮನಾಗಿ ಹೊರಬೇಕು. 'ನಂದು 30 ಕಿಲೋಮೀಟರ್ ಮಾತ್ರ, ಬಾಟಾದಾಗೂ ನಂದು ಸ್ವಲ್ಪ' ಎಂದು ಕೊಟ್ಟೂರಿನವನು ಜಾರಿಕೊಳ್ಳಲು ನೋಡಿದರೆ ಒಪ್ಪಬೇಡಿ. ಟೋಲ್ ಇದ್ದರೆ ಅದು ಯಾವ ತುಂಡಿನಲ್ಲಿದೆಯೋ ಆ ತುಂಡಿನವರದು. ಆರನೆಯವನೊಬ್ಬ ಬಂದು ಎರಡನೇ ಕಾರು ಮಾಡಬೇಕಾಗಿ ಬಂದರೆ ಮಾತ್ರ ಈ ಸುಲಭ ಸೂತ್ರ ಕೈಕೊಡುತ್ತದೆ. ಆಗ ಸರದಿಗಳನ್ನೇ ಬರೆಯಬೇಕು.

ನಮ್ಮ ರಸ್ತೆಗಳು ರನ್‌ವೇ ಹಾಗೆ ನೆಟ್ಟಗೂ ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ ಈ ಐದೂ ತಾಲ್ಲೂಕಿನವರು ಕಚೇರಿ ಕೆಲಸಕ್ಕೆ ಹೊಸಪೇಟೆಗೇ ಹೋಗಬೇಕು, ಆದರೆ ಊರುಗಳು ಒಂದೇ ದಾರದಲ್ಲಿ ಪೋಣಿಸಿಲ್ಲ. ಹಡಗಲಿಯವನನ್ನು ಮನೆಗೆ ಬಿಡಬೇಕೆಂದರೆ ಹಗರಿಬೊಮ್ಮನಹಳ್ಳಿಯಿಂದ ಪಶ್ಚಿಮಕ್ಕೆ ಹೊರಳಿ, ಬಿಟ್ಟು, ಅದೇ ದಾರಿಯಲ್ಲಿ ಮರಳಬೇಕು. ಆ ಕವಲು, ಹೋದದ್ದೂ ಬಂದದ್ದೂ, ಹಡಗಲಿಯವನದೇ. ಮಿಕ್ಕವರಿಗೆ ಅದರಲ್ಲಿ ಸಂಬಂಧವಿಲ್ಲ.

ಕೂಡ್ಲಿಗಿಯವನ ಕತೆಯೇ ಬೇರೆ. ಕೊಟ್ಟೂರಿನಿಂದ ಹೊಸಪೇಟೆಗೆ ಹಗರಿಬೊಮ್ಮನಹಳ್ಳಿ ಮೇಲೂ ಹೋಗಬಹುದು, ಕೂಡ್ಲಿಗಿ ಮೇಲೂ ಹೋಗಬಹುದು. ಉದ್ದ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಆದ್ದರಿಂದ ಕಾರು ಹೊಸಪೇಟೆ ಮುಟ್ಟಲೇಬೇಕಾಗಿದ್ದಾಗ ಕೂಡ್ಲಿಗಿಯವನೊಬ್ಬನೇ ಹತ್ತಿದರೆ ಹೆಚ್ಚುವರಿ ಖರ್ಚಿಲ್ಲ, ಕಾರನ್ನು ಅತ್ತ ತಿರುಗಿಸಿದರಾಯಿತು. ಹಗರಿಬೊಮ್ಮನಹಳ್ಳಿಯವನೊಬ್ಬನೇ ಹತ್ತಿದರೂ ಖರ್ಚಿಲ್ಲ. ಇಬ್ಬರೂ ಹತ್ತಿದರೆ ಮಾತ್ರ ಕಾರು ಒಂದೂರಿನಿಂದ ಇನ್ನೊಂದೂರಿಗೆ ಅಡ್ಡ ಹಾಯಬೇಕು. ಆ ಸುತ್ತಿಗೆ ಕಾರಣ ಯಾರು? ಅವನನ್ನು ಕೇಳಿದರೆ ಇವನು, ಇವನನ್ನು ಕೇಳಿದರೆ ಅವನು. ಸರದಿ ಹಚ್ಚಿದರೆ ಪ್ರತಿ ಸಲವೂ ಇಬ್ಬರಲ್ಲಿ ಎರಡನೆಯದಾಗಿ ಹತ್ತಿದವನ ಮೇಲೆ ಬೀಳುತ್ತದೆ, ಮತ್ತು ಇಬ್ಬರೂ ಸಮ ಸಲ ಎರಡನೆಯವರಾಗುತ್ತಾರೆ. ಹೆಚ್ಚುವರಿ ಪೆಟ್ರೋಲನ್ನು ಅವರಿಬ್ಬರೇ ಅರ್ಧ ಅರ್ಧ ಹಾಕಿಸಬೇಕು. ಕೊಟ್ಟೂರಿನಲ್ಲಿ ಇಳಿದವನು ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.