ಪ್ರೊಜೆಕ್ಟರ್‌ಗೆ ಕಪ್ಪು ಬಿಡಲು ಬರುವುದಿಲ್ಲ

ಬೆಳಕು ತುಂಬಿದ ಕೋಣೆಯಲ್ಲಿ ಸ್ಲೈಡ್ ತೋರಿಸಬೇಕಾದಾಗ ಬಹಳ ಜನ ಮೇಷ್ಟ್ರುಗಳೂ ಉಪನ್ಯಾಸಕರೂ ಮೊದಲು ಮಾಡುವ ಕೆಲಸ ಹಿನ್ನೆಲೆಯನ್ನು ಗಾಢವಾಗಿಸುವುದು. ಕಡುನೀಲಿ ಅಥವಾ ಕಪ್ಪು ಹಿನ್ನೆಲೆ, ಅದರ ಮೇಲೆ ಹಳದಿ, ತಿಳಿನೀಲಿ, ಕೆಂಪು ಅಕ್ಷರ. ಲ್ಯಾಪ್‌ಟಾಪ್‌ನಲ್ಲಿ ಅದು ಹೊಳೆಯುತ್ತದೆ. ಗೋಡೆಯ ಮೇಲೆ ಬಿದ್ದಾಗ ಹಳದಿ ಶೀರ್ಷಿಕೆಯೊಂದು ಉಳಿದು ಮಿಕ್ಕದ್ದೆಲ್ಲ ಮಬ್ಬಾಗುತ್ತದೆ. ಆಗ ದೂರು ಪ್ರೊಜೆಕ್ಟರ್ ಮೇಲೆ ಹೋಗುತ್ತದೆ. ಪ್ರೊಜೆಕ್ಟರ್ ದುರ್ಬಲವಾಗಿರುವುದು ನಿಜವೇ ಇರಬಹುದು, ಆದರೆ ಆ ಬಣ್ಣಗಳ ಆಯ್ಕೆ ಅದರ ಕೈಯಲ್ಲಿದ್ದ ಅಲ್ಪ ಶಕ್ತಿಯನ್ನೂ ಹಾಳು ಮಾಡಿರುತ್ತದೆ.

ನಂಬಿಕೆ: ಕಪ್ಪು ಹಿನ್ನೆಲೆ ಹಾಕಿದರೆ ಪರದೆ ಕಪ್ಪಾಗುತ್ತದೆ

ಪ್ರೊಜೆಕ್ಟರ್‌ಗೆ ಬೆಳಕು ಸೇರಿಸುವುದಷ್ಟೇ ಗೊತ್ತು, ತೆಗೆಯುವುದು ಗೊತ್ತಿಲ್ಲ. ಸ್ಲೈಡಿನಲ್ಲಿ ಕಪ್ಪು ಇರುವ ಕಡೆ ಅದು ಬೆಳಕು ಕಳಿಸದೆ ಸುಮ್ಮನಿರುತ್ತದೆ. ಅಲ್ಲಿ ನಮಗೆ ಕಾಣುವುದು ಕಿಟಕಿ ಮತ್ತು ಟ್ಯೂಬ್‌ಲೈಟ್‌ಗಳ ಬೆಳಕಿನಲ್ಲಿರುವ ಬರೀ ಗೋಡೆ. ಅಂದರೆ ಕೋಣೆ ಎಷ್ಟು ಬೆಳಗಿದೆಯೋ ನಿಮ್ಮ ಕಪ್ಪು ಅಷ್ಟು ಬೆಳ್ಳಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಚಿತ್ರ, ಅಂದರೆ 3 ಚದರ ಮೀಟರ್. ದೀಪ ಹಳತಾಗಿ ಪ್ರೊಜೆಕ್ಟರ್ ಈಗ ಸುಮಾರು 1000 ಲ್ಯೂಮೆನ್ ಕೊಡುತ್ತಿದೆ ಎನ್ನೋಣ. ಅದು ಬಿಳಿ ಸ್ಲೈಡ್ ತೋರಿಸಿದಾಗ ಗೋಡೆಯ ಮೇಲೆ ಬೀಳುವುದು ಹೆಚ್ಚುಕಡಿಮೆ 333 ಲಕ್ಸ್. ಕೋಣೆಯ ಬೆಳಕೇ ಆ ಗೋಡೆಯ ಮೇಲೆ 250 ಲಕ್ಸ್ ಬೀಳುತ್ತಿದ್ದರೆ, ಬಿಳಿ ಇರುವ ಕಡೆ ಒಟ್ಟು 583, ಕಪ್ಪು ಇರುವ ಕಡೆ 250. ಭಾಗಿಸಿದರೆ 2.3. ಈ ಕೋಣೆಯಲ್ಲಿ ಯಾವ ಎರಡು ಬಣ್ಣಗಳ ನಡುವೆಯೂ ಇದಕ್ಕಿಂತ ಹೆಚ್ಚಿನ ಅಂತರ ಸಿಗುವುದು ಸಾಧ್ಯವೇ ಇಲ್ಲ. ಪ್ರೊಜೆಕ್ಟರ್ ಪರದೆಗಳಿಗಾಗಿ ಅಮೆರಿಕದಲ್ಲಿ ರೂಪಿಸಿದ ಮಾನದಂಡವೊಂದು, ನೋಡುಗರು ಪರದೆಯ ಮೇಲಿನ ಮಾಹಿತಿಯನ್ನು ಓದಿ ಅರ್ಥಮಾಡಿಕೊಳ್ಳಬೇಕಾದ ಕಡೆ 15ಕ್ಕೆ 1ರ ಅಂತರ ಕೇಳುತ್ತದೆ. ನಮ್ಮ ಬಳಿ ಇರುವುದು 2.3. ಬಣ್ಣ ಆರಿಸುವವರು ಈ ಬಡತನದೊಳಗೇ ಸಂಸಾರ ಮಾಡಬೇಕು.

ನಿಮ್ಮ ಕೋಣೆಯ ಅಂಕಿ ತಿಳಿಯಲು ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಸಾಕು. ಫೋನಿನ ಬೆನ್ನನ್ನು ಗೋಡೆಗೆ ಆನಿಸಿ, ಮುಖ ಹೊರಗಿಟ್ಟು, ಪ್ರೊಜೆಕ್ಟರ್ ಬೆಳಕಿಲ್ಲದಾಗ ಒಂದು ಸಲ, ಬಿಳಿ ಸ್ಲೈಡ್ ಇದ್ದಾಗ ಒಂದು ಸಲ ಅಳೆಯಿರಿ. ಆ್ಯಪ್ ಕೊಡುವ ಲಕ್ಸ್ ಕರಾರುವಾಕ್ಕಲ್ಲ. ಆದರೆ ನಮಗೆ ಬೇಕಾದದ್ದು ಎರಡರ ಅನುಪಾತ ಮಾತ್ರ, ಅದಕ್ಕೆ ಇಷ್ಟು ಸಾಕಾಗುತ್ತದೆ.

ನಂಬಿಕೆ: ಗಾಢ ಹಿನ್ನೆಲೆಯಲ್ಲಿ ಬಣ್ಣಗಳು ಎದ್ದು ಕಾಣುತ್ತವೆ

ಅಪ್ಪಟ ಬಿಳಿ ಮತ್ತು ಅಪ್ಪಟ ಕಪ್ಪು ಮಾತ್ರ ಬಳಸಿದರೆ ಯಾವುದು ಹಿನ್ನೆಲೆ, ಯಾವುದು ಅಕ್ಷರ ಎಂಬುದರಿಂದ ಅಂತರ ಬದಲಾಗುವುದಿಲ್ಲ. ಎರಡೂ ಕಡೆ 2.3. ವ್ಯತ್ಯಾಸ ಹುಟ್ಟುವುದು ಮೂರನೆಯ ಬಣ್ಣ ಬಂದಾಗ.

ಪ್ರತಿ ಬಣ್ಣಕ್ಕೂ ಬಿಳಿಯನ್ನು 1 ಎಂದು ಹಿಡಿದರೆ ಇಷ್ಟು ಎಂಬ ಹೊಳಪು ಇದೆ. ಅಪ್ಪಟ ಹಳದಿ 0.93, ಅಪ್ಪಟ ಕೆಂಪು 0.21, ಅಪ್ಪಟ ನೀಲಿ ಕೇವಲ 0.07. ನಮ್ಮ ಕಣ್ಣಿಗೆ ಹೊಳಪಿನ ಬಹುಪಾಲು ಹಸಿರು ಬೆಳಕಿನಿಂದ ಬರುವುದರಿಂದ ಹೀಗೆ. ಎರಡು ಬಣ್ಣಗಳ ಅಂತರ ತಿಳಿಯಲು ಈ ಹೊಳಪುಗಳಿಗೆ ಕೋಣೆಯ ಪಾಲನ್ನು ಕೂಡಿಸಿ ಭಾಗಿಸಬೇಕು. ಮೇಲಿನ ಕೋಣೆಯಲ್ಲಿ ಆ ಪಾಲು 250 ಭಾಗ 333, ಅಂದರೆ 0.75. ಹೆಚ್ಚು ಹೊಳಪಿನ ಬಣ್ಣದ್ದು L1, ಕಡಿಮೆ ಹೊಳಪಿನದು L2 ಎಂದಿಟ್ಟುಕೊಂಡರೆ:

```
(L1 + 0.75) / (L2 + 0.75)
```

ಪವರ್‌ಪಾಯಿಂಟ್‌ನಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆಯೊಂದನ್ನು ಇದಕ್ಕೆ ಹಾಕೋಣ: `#1F3864` ಎಂಬ ಕಡುನೀಲಿ ಹಿನ್ನೆಲೆ, `#5B9BD5` ಎಂಬ ತಿಳಿನೀಲಿಯಲ್ಲಿ ವಿವರ, `#FF0000` ಕೆಂಪಿನಲ್ಲಿ ಮುಖ್ಯ ಪದಗಳು. ಬಿಳಿ ಅಕ್ಷರಕ್ಕೆ 2.2 ಸಿಗುತ್ತದೆ, ಹಳದಿಗೆ 2.1. ತಿಳಿನೀಲಿಗೆ ಸಿಗುವುದು 1.3. ಎಲ್ಲಕ್ಕಿಂತ ಮುಖ್ಯವೆಂದು ಕೆಂಪು ಮಾಡಿದ ಪದಕ್ಕೆ 1.2, ಅಂದರೆ ಅದೇ ಎಲ್ಲಕ್ಕಿಂತ ಮೊದಲು ಅಳಿಸಿಹೋಗುತ್ತದೆ.

ಈಗ ತಿರುಗಿಸಿ. ಹಿನ್ನೆಲೆ ಬಿಳಿ, ವಿವರ ಅದೇ ಕಡುನೀಲಿಯಲ್ಲಿ: 2.2. ಮುಖ್ಯ ಪದ `#C00000` ಎಂಬ ಕಡುಗೆಂಪಿನಲ್ಲಿ: 2.0. ಇನ್ನೊಂದು ಬಣ್ಣ ಬೇಕಿದ್ದರೆ `#006100` ಎಂಬ ಕಡುಹಸಿರು: 2.1. ಮೂರೂ ಗರಿಷ್ಠದ ಹತ್ತಿರವೇ ನಿಲ್ಲುತ್ತವೆ. ಕೋಣೆಯ ಬೆಳಕು ಗಾಢ ಬಣ್ಣಗಳನ್ನೆಲ್ಲ ಒಂದೇ ಮಟ್ಟಕ್ಕೆ ಎತ್ತಿಬಿಡುತ್ತದೆ. ಹಿನ್ನೆಲೆ ಗಾಢವಾಗಿದ್ದರೆ ಮೇಲೇಳಲು ಬಿಳಿ, ಹಳದಿಯಂಥ ಎರಡು ಮೂರು ಬಣ್ಣಗಳಿಗೆ ಮಾತ್ರ ಸಾಧ್ಯ. ಹಿನ್ನೆಲೆ ಬಿಳಿಯಾಗಿದ್ದರೆ ನೀಲಿ, ಕೆಂಪು, ಹಸಿರು, ನೇರಳೆ, ಕಂದುಗಳ ಕಡುಛಾಯೆಗಳೆಲ್ಲ ಕೆಲಸಕ್ಕೆ ಬರುತ್ತವೆ. ಹಳದಿಯನ್ನು ಮಾತ್ರ ಬಿಳಿಯ ಮೇಲೆ ಅಕ್ಷರಕ್ಕಾಗಲಿ ಗೆರೆಗಾಗಲಿ ಎಂದೂ ಬಳಸಬಾರದು, ಅದರ ಅಂತರ 1.04.

ಅಗ್ಗದ ಡಿಎಲ್‌ಪಿ ಪ್ರೊಜೆಕ್ಟರ್ ಆಗಿದ್ದರೆ ಇನ್ನೊಂದು ಕಾರಣವೂ ಸೇರುತ್ತದೆ. ಇಂಥ ಹಲವು ಯಂತ್ರಗಳ ಒಳಗೆ ತಿರುಗುವ ಬಣ್ಣದ ಚಕ್ರದಲ್ಲಿ ಬಿಳಿಯನ್ನು ಹೆಚ್ಚಿಸಲೆಂದೇ ಬಣ್ಣವಿಲ್ಲದ ಒಂದು ತುಂಡು ಇರುತ್ತದೆ. ಡಬ್ಬದ ಮೇಲೆ ಬರೆದ ಲ್ಯೂಮೆನ್ ಆ ಬಿಳಿಯದು, ಬಣ್ಣಗಳು ಅದಕ್ಕಿಂತ ಎಷ್ಟೋ ಮಂಕು. ಬಿಳಿ ಪಟ್ಟಿಯ ಪಕ್ಕದಲ್ಲಿ ಹಳದಿ ಪಟ್ಟಿ ಇಟ್ಟು ನೋಡಿ. ಹಳದಿ ಕೆಸರು ಬಣ್ಣಕ್ಕೆ ತಿರುಗಿದ್ದರೆ, ಕಡುನೀಲಿಯ ಮೇಲಿನ ಹಳದಿ ಶೀರ್ಷಿಕೆಯನ್ನೂ ನಂಬುವಂತಿಲ್ಲ.

ನಂಬಿಕೆ: ಕಾಂಟ್ರಾಸ್ಟ್ ಪರೀಕ್ಷೆಯಲ್ಲಿ ಪಾಸಾದರೆ ಸಾಕು

ವೆಬ್‌ಪುಟಗಳಿಗೆ ಮಾಡಿದ ಪರೀಕ್ಷೆಗಳು ಸಾಮಾನ್ಯ ಅಕ್ಷರಕ್ಕೆ 4.5 ಕೇಳುತ್ತವೆ. ಸೂತ್ರ ಮೇಲಿನದೇ, ಆದರೆ 0.75ರ ಜಾಗದಲ್ಲಿ 0.05 ಇರುತ್ತದೆ, ಏಕೆಂದರೆ ಅದು ಕಂಪ್ಯೂಟರ್ ಪರದೆಯ ಲೆಕ್ಕ. ಬಿಳಿಯ ಮೇಲೆ `#767676` ಬೂದು ಅಲ್ಲಿ 4.54 ಪಡೆದು ಪಾಸಾಗುತ್ತದೆ. ನಮ್ಮ ಕೋಣೆಯಲ್ಲಿ ಅದಕ್ಕೆ ಸಿಗುವುದು 1.9. ಅಡಿಟಿಪ್ಪಣಿಗೆ, ಚಾರ್ಟಿನ ಅಕ್ಷಗಳಿಗೆ ಬೂದು ಬಳಸುವ ಅಭ್ಯಾಸ ಇಲ್ಲಿ ಬಿಡಲೇಬೇಕು.

ನಂಬಿಕೆ: ಬಣ್ಣ ಬೇರೆಯಾದರೆ ಬೇರೆಯಾಗಿ ಕಾಣುತ್ತದೆ

ಪವರ್‌ಪಾಯಿಂಟ್‌ನ ಸಿದ್ಧ ಬಣ್ಣಗಳಲ್ಲಿರುವ ಕೆಂಪು ಮತ್ತು `#00B050` ಹಸಿರನ್ನು ಅಕ್ಕಪಕ್ಕ ಇಟ್ಟರೆ ಅಂತರ 1.1. ಕೆಂಪು-ಹಸಿರು ಗುರುತಿಸಲು ಕಷ್ಟವಿರುವ ವಿದ್ಯಾರ್ಥಿಗೆ ಅವೆರಡೂ ಹೆಚ್ಚುಕಡಿಮೆ ಒಂದೇ. ವಿಂಡೋಸ್‌ನ ಕಲರ್ ಫಿಲ್ಟರ್‌ನಲ್ಲಿ ಗ್ರೇಸ್ಕೇಲ್ ಆರಿಸಿ ಅದರ ಶಾರ್ಟ್‌ಕಟ್ ಆನ್ ಮಾಡಿಟ್ಟರೆ `Win+Ctrl+C` ಒತ್ತಿದ ಕ್ಷಣ ಇದು ಬಯಲಾಗುತ್ತದೆ. ಮೇಲೆ ಹೇಳಿದ ಕಡುಛಾಯೆಗಳಿಗೂ ಈ ಮಿತಿ ಇದೆ: ಬಿಳಿಯಿಂದ ಚೆನ್ನಾಗಿ ಬೇರೆಯಾದರೂ ತಮ್ಮತಮ್ಮಲ್ಲಿ ಹತ್ತಿರ. ಆದ್ದರಿಂದ ಚಾರ್ಟಿನಲ್ಲಿ ಪ್ರತಿ ಕಂಬದ ಹೆಸರನ್ನು ಅದರ ಬುಡದಲ್ಲೇ ಬರೆಯಬೇಕು. ಗೆರೆಗಳಾದರೆ ಒಂದನ್ನು ತುಂಡುಗೆರೆ ಮಾಡಬೇಕು.

ನಂಬಿಕೆ: ಬ್ರೈಟ್‌ನೆಸ್ ಏರಿಸಿದರೆ ಸರಿಹೋಗುತ್ತದೆ

ಪ್ರೊಜೆಕ್ಟರ್ ಮೆನುವಿನ ಬ್ರೈಟ್‌ನೆಸ್ ದೀಪವನ್ನು ಹೆಚ್ಚು ಉರಿಸುವುದಿಲ್ಲ, ಕಪ್ಪನ್ನು ಮೇಲೆತ್ತುತ್ತದೆ. ಅಂತರ ಇನ್ನಷ್ಟು ಕುಗ್ಗುತ್ತದೆ. ಬೆಳಕು ಹೆಚ್ಚುವುದು ಇಕೋ ಮೋಡ್ ತೆಗೆದಾಗ, ಇಲ್ಲವೇ ಚಿತ್ರವನ್ನು ಚಿಕ್ಕದು ಮಾಡಿದಾಗ. ವಿಸ್ತೀರ್ಣ ಅರ್ಧವಾದರೆ ಲಕ್ಸ್ ದುಪ್ಪಟ್ಟಾಗಿ, ನಮ್ಮ 2.3 ಸುಮಾರು 3.7 ಆಗುತ್ತದೆ.

ಕನ್ನಡದ ಸ್ಲೈಡ್‌ಗೆ ಇನ್ನೊಂದು ಎಚ್ಚರ ಬೇಕು. ಅಂತರ ಕುಗ್ಗಿದಾಗ ಕಣ್ಣು ಮೊದಲು ಕಳೆದುಕೊಳ್ಳುವುದು ಸಣ್ಣ ವಿವರಗಳನ್ನು. ಪ ಮತ್ತು ಫ, ದ ಮತ್ತು ಧ, ಡ ಮತ್ತು ಢ ಬೇರೆಯಾಗುವುದು ಅಂಥ ಒಂದು ಚಿಕ್ಕ ಗೀರಿನಿಂದ. ಒತ್ತಕ್ಷರಗಳಂತೂ ಮೂಲ ಅಕ್ಷರಕ್ಕಿಂತ ಚಿಕ್ಕವು. ತುಂಗಾದಂಥ ತೆಳು ಫಾಂಟಿನ ಬದಲು ನೋಟೋ ಸಾನ್ಸ್ ಕನ್ನಡದ ದಪ್ಪ ರೂಪ ಬಳಸಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ. ಹಿಂದಿನ ಬೆಂಚಿನಲ್ಲಿ ಕೂತು ‘ಧ’ದ ಗೀರು ಕಾಣುತ್ತದೆಯೇ ನೋಡಿ. ಬಿಳಿಯ ಮೇಲಿನ ಕಪ್ಪು ದಪ್ಪಕ್ಷರದಲ್ಲೂ ಅದು ಕಾಣದಿದ್ದರೆ ಬಣ್ಣ ಬದಲಿಸಿ ಫಲವಿಲ್ಲ, ಪರದೆಯ ಮುಂದಿನ ಟ್ಯೂಬ್‌ಲೈಟ್ ಆರಿಸಬೇಕು.