ಅಕ್ಕಡಿ ಸಾಲು ಮತ್ತು ಹೊಲದ ಅಂಚು: ಅನಂತಪುರ ಸೀಮೆಯ ಕಡಲೆಕಾಯಿ ಬೇಸಾಯ

ಮುಖ್ಯ ಬೆಳೆಯ ಕೆಲವು ಸಾಲುಗಳ ನಡುವೆ ಬೇರೊಂದು ಬೆಳೆಯ ಸಾಲನ್ನು ಬಿತ್ತುವ ಕ್ರಮಕ್ಕೆ ಕನ್ನಡದ ಬೇಸಾಯದ ಮಾತಿನಲ್ಲಿ ‘ಅಕ್ಕಡಿ’ ಎಂಬ ಹೆಸರಿದೆ. ಮಡಕಶಿರಾ, ರಾಯದುರ್ಗಗಳನ್ನೊಳಗೊಂಡ ಮಳೆಯಾಶ್ರಿತ ಕೆಂಪುನೆಲದಲ್ಲಿ ಕಡಲೆಕಾಯಿಯ ಏಳು ಅಥವಾ ಹನ್ನೊಂದು ಸಾಲಿಗೆ ಒಂದು ಸಾಲು ತೊಗರಿ ಹಾಕುವುದು ಪರಿಚಿತ ಪದ್ಧತಿ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಕಿರುಧಾನ್ಯಗಳು ಹಿಂದೆ ಸರಿದು ಕಡಲೆಕಾಯಿಯೊಂದೇ ಹೊಲಗಳನ್ನು ತುಂಬಿತು. ಈ ಎರಡು ಕ್ರಮಗಳ ನಡುವಿನ ವ್ಯತ್ಯಾಸವನ್ನು ಮಣ್ಣು ಮತ್ತು ಕೀಟ ಎಂಬ ಎರಡು ನೆಲೆಗಳಲ್ಲಿ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಮೊದಲು ಮಣ್ಣು. ಕಡಲೆಕಾಯಿಯನ್ನು ಬೇರುಸಹಿತ ಕಿತ್ತು, ಬಳ್ಳಿಯನ್ನು ದನಗಳಿಗೆ ಮೇವಾಗಿ ಒಯ್ಯುತ್ತಾರೆ. ಒಂಟಿ ಬೆಳೆಯ ಹೊಲ ಆ ಬಳಿಕ ಬರಿದಾಗಿ ಉಳಿಯುತ್ತದೆ. ಅಕ್ಕಡಿಯ ತೊಗರಿಯಾದರೋ ಮುಂದೆಯೂ ಹಲವು ವಾರ ನಿಂತು, ಎಲೆ ಉದುರಿಸಿ ನೆಲಕ್ಕೆ ಹಿಂದಿರುಗಿಸುತ್ತದೆ. ಇದರ ಬೇರು ಆಳಕ್ಕಿಳಿಯುವುದಲ್ಲದೆ, ಕೆಲವು ಆಮ್ಲಗಳನ್ನು ಸ್ರವಿಸಿ, ಕೆಂಪುಮಣ್ಣಿನಲ್ಲಿ ಕಬ್ಬಿಣದೊಡನೆ ಬಂಧಿತವಾದ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಉದುರಿದ ಎಲೆಯ ಮೂಲಕ ಅದರ ಒಂದು ಪಾಲು ಮುಂದಿನ ಬೆಳೆಗೂ ದೊರೆಯುತ್ತದೆ.

ಕೀಟದ ವಿಷಯ ಇಷ್ಟು ಸರಳವಲ್ಲ. 2000ರಲ್ಲಿ ಅನಂತಪುರ ಜಿಲ್ಲೆಯ ಸುಮಾರು 2,25,000 ಹೆಕ್ಟೇರ್ ಕಡಲೆಕಾಯಿಗೆ ಕಾಂಡ ಕೊಳೆಯುವಂತೆ ಕಾಣುವ ರೋಗವೊಂದು ತಗುಲಿತು. ಎಳೆಯ ಎಲೆಗಳಲ್ಲಿ ಕಂದು ಮಚ್ಚೆ ಮೂಡಿ, ಅದು ತೊಟ್ಟಿನಿಂದ ಕಾಂಡಕ್ಕಿಳಿದು, ಸುಳಿ ಸತ್ತು ಗಿಡ ಒಣಗುತ್ತಿತ್ತು. ಕಾರಣ ಒಂದು ವೈರಸ್. ಅದರ ನೆಲೆ ಬದುಗಳ ಮೇಲಿನ ಪಾರ್ಥೇನಿಯಂ ಕಳೆ. ರೋಗದ ಗುರುತೇ ತೋರದ ಆ ಕಳೆಯ ಪರಾಗವನ್ನು ಥ್ರಿಪ್ಸ್ ಎಂಬ ಸಣ್ಣ ಕೀಟಗಳು ಮೈಗಂಟಿಸಿಕೊಂಡು ಬಂದು ಎಲೆಯನ್ನು ಕೆರೆಯುವಾಗ, ಪರಾಗದಲ್ಲಿದ್ದ ವೈರಸ್ ಗಿಡವನ್ನು ಹೊಗುತ್ತದೆ. ಕಡಲೆಕಾಯಿಯ ಹೂವು ಮುಚ್ಚಿದ್ದೇ ಸ್ವಪರಾಗಸ್ಪರ್ಶ ಹೊಂದುವುದರಿಂದ ಗಿಡದಿಂದ ಗಿಡಕ್ಕೆ ರೋಗ ದಾಟುವುದು ವಿರಳ.

ಅಂದರೆ ಶತ್ರು ಹೊಲದ ಹೊರಗಿನಿಂದ ಬರುತ್ತದೆ. ಹನ್ನೊಂದು ಸಾಲಿಗೊಂದರಂತೆ ನಿಂತ ತೊಗರಿ ಅದಕ್ಕೆ ತಡೆಯಾಗಲಾರದು. ತಡೆಯಬಲ್ಲದ್ದು, ಹೊಲದ ಸುತ್ತ ಒತ್ತಾಗಿ ಬಿತ್ತಿದ ಜೋಳ ಅಥವಾ ಸಜ್ಜೆಯ ಹಲವು ಸಾಲುಗಳು. ಇವು ಬೇಗ ಎತ್ತರಕ್ಕೆ ಬೆಳೆದು ಗಾಳಿಯೊಡನೆ ಬರುವ ಥ್ರಿಪ್ಸನ್ನು ಅಂಚಿನಲ್ಲೇ ಹಿಡಿಯುತ್ತವೆ. ತಡವಾಗಿ ಬಿತ್ತಿದರೆ ಈ ಪ್ರಯೋಜನ ಇಲ್ಲ. ಪಾರ್ಥೇನಿಯಮ್ಮನ್ನು ಹೂ ಬಿಡುವ ಮುನ್ನವೇ ಕೀಳಬೇಕು. ಸೂರ್ಯಕಾಂತಿಯನ್ನು ಪಕ್ಕದಲ್ಲಿ ಬೆಳೆದರೆ ಅಪಾಯ ಹೆಚ್ಚುತ್ತದೆ. ಅದಕ್ಕೂ ಇದೇ ವೈರಸ್ ತಗಲುತ್ತದೆ, ಪರಾಗವೂ ಹೇರಳ.

ಆದುದರಿಂದ ಬೆಳೆಗಳ ಸಂಖ್ಯೆಯೊಂದೇ ಹೊಲವನ್ನು ಕಾಯುವುದಿಲ್ಲ. ತೊಗರಿಯ ಅಕ್ಕಡಿ ಮಣ್ಣಿಗಾಗಿ, ಜೋಳದ ಅಂಚು ಕೀಟಕ್ಕಾಗಿ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಎರಡು ಎಕರೆಯ ರೈತನಿಗೆ ಅಂಚಿನ ಸಾಲುಗಳೆಂದರೆ ಮಾರಾಟದ ಕಡಲೆಕಾಯಿಯ ಜಾಗವನ್ನು ಬಿಟ್ಟುಕೊಟ್ಟಂತೆ. ಆ ನಷ್ಟಕ್ಕೆ ಪ್ರತಿಯಾಗಿ ದೊರೆಯುವುದು ಧಾನ್ಯ, ಮೇವು, ಮತ್ತು ರೋಗದ ವರ್ಷದಲ್ಲಿ ಉಳಿದ ಬೆಳೆ.