ಓಡುವ ಮೋಟಾರು ಎಷ್ಟು ದೂರದಲ್ಲಿ ನಿಂತೀತು?

ನಿಲ್ದಾಣದಲ್ಲಿ ನಿಂತ ಬಸ್ಸಿನ ಮುಂಭಾಗದಿಂದ ಹುಡುಗನೊಬ್ಬನು ಥಟ್ಟನೆ ರಸ್ತೆಗೆ ಇಳಿಯುತ್ತಾನೆ. ಬಸ್ಸಿನ ಮರೆಯಿದ್ದುದರಿಂದ ಹಿಂದಿನಿಂದ ಬರುತ್ತಿರುವ ಮೋಟಾರು ಅವನಿಗೆ ಕಾಣದು, ಮೋಟಾರಿನ ಚಾಲಕನಿಗೆ ಅವನೂ ಕಾಣನು. ಚಾಲಕನು ಅವನನ್ನು ಕಂಡ ಕ್ಷಣದಲ್ಲಿ ಇಬ್ಬರ ನಡುವೆ 26 ಮೀಟರು ಇದೆ ಎಂದಿಟ್ಟುಕೊಳ್ಳೋಣ. ನಗರದ ದೊಡ್ಡ ಬಸ್ಸೊಂದು ಸುಮಾರು 12 ಮೀಟರು ಉದ್ದವಿರುತ್ತದೆ. ಅಂಥ ಎರಡು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಆಗುವಷ್ಟು ಅಂತರವಿದು. ಹುಡುಗನು ಗಾಬರಿಯಿಂದ ನಿಂತಲ್ಲಿಯೇ ನಿಂತುಬಿಡುತ್ತಾನೆ. ಮೋಟಾರು ಅವನನ್ನು ಮುಟ್ಟುವ ಮೊದಲು ನಿಂತೀತೆ?

ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬರುವ ಗಾಡಿ ನಿಂತೀತು, 60ರಲ್ಲಿ ಬರುವುದು ತುಸು ಮುಂದೆ ಹೋಗಿ ಮೆಲ್ಲನೆ ತಾಗೀತು ಎಂದು ನಮ್ಮಲ್ಲಿ ಬಹುಮಂದಿ ಊಹಿಸುತ್ತೇವೆ. ಈ ಊಹೆಯ ಮೊದಲರ್ಧ ಸರಿ, ಎರಡನೆಯ ಅರ್ಧ ಪೂರ್ತಿ ತಪ್ಪು. ಅದೇಕೆಂಬುದನ್ನು ತಿಳಿಯಲು, ಗಾಡಿ ನಿಲ್ಲುವುದೆಂಬ ಕ್ರಿಯೆಯನ್ನು ಎರಡು ಭಾಗಗಳಾಗಿ ಬಿಡಿಸಿ ನೋಡಬೇಕು.

ಮೊದಲನೆಯ ಭಾಗದಲ್ಲಿ ಗಾಡಿ ನಿಧಾನವಾಗುವುದೇ ಇಲ್ಲ. ಕಣ್ಣು ಕಂಡುದು ಮೆದುಳಿಗೆ ಮುಟ್ಟಬೇಕು. ಅದು ಹುಡುಗನೋ, ಗಾಳಿಗೆ ತೂರಿಬಂದ ಕಾಗದದ ಚೂರೋ ಎಂಬುದನ್ನು ಮೆದುಳು ಗುರುತಿಸಬೇಕು. ಬ್ರೇಕು ಒತ್ತುವುದೋ, ಪಕ್ಕಕ್ಕೆ ತಿರುಗಿಸುವುದೋ ಎಂದು ತೀರ್ಮಾನಿಸಬೇಕು. ಆಮೇಲೆ ಕಾಲು ವೇಗದ ಪೆಡಲನ್ನು ಬಿಟ್ಟು ಬ್ರೇಕಿನ ಪೆಡಲಿಗೆ ಹೋಗಿ ಅದನ್ನು ಅದುಮಬೇಕು. ಇವೆಲ್ಲಕ್ಕೂ ಹಿಡಿಯುವ ಒಟ್ಟು ಕಾಲವನ್ನು ಪ್ರತಿಕ್ರಿಯೆಯ ಕಾಲವೆನ್ನಬಹುದು. ಅಷ್ಟು ಹೊತ್ತೂ ಗಾಡಿ ತನ್ನ ಮೊದಲಿನ ವೇಗದಲ್ಲಿಯೇ ಸಾಗುತ್ತಿರುತ್ತದೆ.

ಈ ಕಾಲವೆಷ್ಟು? ವಿದ್ಯಾರ್ಥಿಗಳು ತರಗತಿಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಒಬ್ಬನು ಅಳತೆಪಟ್ಟಿಯನ್ನು ಮೇಲುತುದಿಯಲ್ಲಿ ಹಿಡಿದು ನೇರವಾಗಿ ತೂಗುಬಿಡಲಿ. ಇನ್ನೊಬ್ಬನು ಅದರ ಕೆಳತುದಿಯ ಇಕ್ಕೆಲದಲ್ಲಿ ಹೆಬ್ಬೆರಳು ತೋರುಬೆರಳುಗಳನ್ನು ಮುಟ್ಟದಂತೆ ಸಿದ್ಧವಾಗಿಟ್ಟುಕೊಳ್ಳಲಿ. ಮೊದಲನೆಯವನು ಹೇಳದೆ ಕೇಳದೆ ಪಟ್ಟಿಯನ್ನು ಬಿಟ್ಟಾಗ ಎರಡನೆಯವನು ಅದನ್ನು ಹಿಡಿಯಬೇಕು. ಅಷ್ಟರಲ್ಲಿ ಪಟ್ಟಿ ಸುಮಾರು 20 ಸೆಂಟಿಮೀಟರು ಜಾರಿರುತ್ತದೆ. ಬಿಟ್ಟ ವಸ್ತು 20 ಸೆಂಟಿಮೀಟರು ಬೀಳಲು ಬೇಕಾಗುವುದು ಸೆಕೆಂಡಿನ ಐದರಲ್ಲೊಂದು ಪಾಲು.

ಹಾಗಾದರೆ ಚಾಲಕನಿಗೂ ಅಷ್ಟೇ ಸಾಕಲ್ಲವೆ ಎಂದು ಕೇಳಬಹುದು. ಸಾಲದು. ಪಟ್ಟಿಯನ್ನು ಹಿಡಿಯುವವನಿಗೆ ಏನು ನಡೆಯಲಿದೆ, ತಾನು ಏನು ಮಾಡಬೇಕು ಎಂಬುದೆರಡೂ ಮೊದಲೇ ಗೊತ್ತು. ಬೆರಳುಗಳೂ ಸಿದ್ಧವಾಗಿ ನಿಂತಿವೆ. ಚಾಲಕನಿಗೆ ಇದಾವುದೂ ಇಲ್ಲ. ಎಚ್ಚರವಾಗಿರುವ ಸಾಮಾನ್ಯ ಚಾಲಕನು ಅನಿರೀಕ್ಷಿತವಾದುದನ್ನು ಕಂಡು ಬ್ರೇಕು ಒತ್ತುವುದಕ್ಕೆ ಒಂದರಿಂದ ಎರಡು ಸೆಕೆಂಡು ಹಿಡಿಯುತ್ತದೆ. ನಮ್ಮ ಲೆಕ್ಕಕ್ಕೆ ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳೋಣ. ಭಾರತದಲ್ಲಿ ರಸ್ತೆಗಳ ಅಳತೆಗಳನ್ನು ಗೊತ್ತುಪಡಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಇನ್ನೂ ಉದಾರಿಗಳು. ತಿರುವುಗಳಲ್ಲಿಯೂ ಏರುಗಳಲ್ಲಿಯೂ ಚಾಲಕನಿಗೆ ಎಷ್ಟು ದೂರದವರೆಗೆ ರಸ್ತೆ ಕಾಣಬೇಕೆಂದು ನಿಶ್ಚಯಿಸುವಾಗ ಅವರು ಈ ಕಾಲವನ್ನು 2.5 ಸೆಕೆಂಡು ಎಂದು ಹಿಡಿಯುತ್ತಾರೆ. ದಣಿದವನನ್ನೂ ವಯಸ್ಸಾದವನನ್ನೂ ರಸ್ತೆ ಕಾಪಾಡಬೇಕಷ್ಟೆ.

ಗಂಟೆಗೆ 40 ಕಿಲೋಮೀಟರು ಎಂದರೆ ಸೆಕೆಂಡಿಗೆ 11 ಮೀಟರಿಗೆ ಸ್ವಲ್ಪ ಹೆಚ್ಚು. ಒಂದೂವರೆ ಸೆಕೆಂಡಿನಲ್ಲಿ 16.7 ಮೀಟರು. 60 ಕಿಲೋಮೀಟರಿನ ವೇಗದಲ್ಲಿ ಅದೇ ಕಾಲದಲ್ಲಿ 25 ಮೀಟರು. ಕ್ರಿಕೆಟ್ಟಿನ ವಿಕೆಟ್ಟುಗಳ ನಡುವಣ ದೂರ 20 ಮೀಟರು ಎಂಬುದನ್ನು ನೆನೆದರೆ ಇದರ ಪ್ರಮಾಣ ಮನಸ್ಸಿಗೆ ಬರುತ್ತದೆ. ಚಾಲಕನ ಕಾಲು ಬ್ರೇಕನ್ನು ಅದುಮುವಷ್ಟರಲ್ಲಿ ಗಾಡಿ ಅದನ್ನು ದಾಟಿಹೋಗಿರುತ್ತದೆ.

ಎರಡನೆಯ ಭಾಗವು ಬ್ರೇಕು ಹಿಡಿದ ಮೇಲಿನದು. ಗಾಡಿಯನ್ನು ನಿಲ್ಲಿಸುವುದು ನಿಜವಾಗಿ ಬ್ರೇಕಲ್ಲ, ರಸ್ತೆ. ಬ್ರೇಕು ಗಾಲಿಯ ಸುತ್ತಾಟವನ್ನು ಮಾತ್ರ ತಡೆಯುತ್ತದೆ. ಗಾಡಿಯನ್ನು ಹಿಂದಕ್ಕೆ ಹಿಡಿದೆಳೆಯುವುದು ಟಯರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಣಗಿದ ಡಾಂಬರು ರಸ್ತೆಯಲ್ಲಿ, ಟಯರುಗಳು ಚೆನ್ನಾಗಿದ್ದರೆ, ಈ ಘರ್ಷಣೆಯು ಗಾಡಿಯ ತೂಕದ ಹತ್ತರಲ್ಲಿ ಏಳು ಪಾಲಿನಷ್ಟು ಬಲವನ್ನು ಕೊಡಬಲ್ಲುದು. ಅದರಿಂದ ಪ್ರತಿ ಸೆಕೆಂಡಿಗೂ ವೇಗವು ಸೆಕೆಂಡಿಗೆ 7 ಮೀಟರಿನಷ್ಟು ಕುಗ್ಗುತ್ತದೆ. ಗಾಡಿ ಭಾರವಾದಂತೆ ಅದನ್ನು ತಡೆಯಲು ಹೆಚ್ಚು ಬಲ ಬೇಕು. ಆದರೆ ಭಾರ ಹೆಚ್ಚಿದಷ್ಟೂ ಘರ್ಷಣೆಯೂ ಹೆಚ್ಚುವುದರಿಂದ ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ನಮ್ಮ ಲೆಕ್ಕದಲ್ಲಿ ಗಾಡಿಯ ತೂಕ ಬರುವುದೇ ಇಲ್ಲ. ಹೇರು ತುಂಬಿದ ಲಾರಿ ಇನ್ನೂ ದೂರ ಹೋಗಿ ನಿಲ್ಲುವುದಕ್ಕೆ ಕಾರಣ ಬೇರೆ. ಅದರ ಗಾಳಿಯ ಬ್ರೇಕಿನ ಕೊಳವೆಗಳಲ್ಲಿ ಒತ್ತಡವೇರಲು ಸ್ವಲ್ಪ ಕಾಲ ಹಿಡಿಯುತ್ತದೆ, ಅದರ ಟಯರುಗಳ ಹಿಡಿತವೂ ಕಾರಿನ ಟಯರಿನಷ್ಟಿಲ್ಲ.

ಈಗ ಗಂಟೆಗೆ 30 ಕಿಲೋಮೀಟರಿನ ಗಾಡಿಯನ್ನೂ 60ರ ಗಾಡಿಯನ್ನೂ ಹೋಲಿಸೋಣ. ಎರಡನೆಯದರ ವೇಗ ಇಮ್ಮಡಿ. ಆದುದರಿಂದ ಆ ವೇಗ ಪೂರ್ತಿ ಕರಗಲು ಇಮ್ಮಡಿ ಕಾಲ ಬೇಕು: ಮೊದಲನೆಯದಕ್ಕೆ 1.2 ಸೆಕೆಂಡು, ಎರಡನೆಯದಕ್ಕೆ 2.4. ಇಷ್ಟೇ ಅಲ್ಲ. ಆ ಇಮ್ಮಡಿ ಕಾಲದುದ್ದಕ್ಕೂ ಎರಡನೆಯ ಗಾಡಿಯ ಸರಾಸರಿ ವೇಗವೂ ಇಮ್ಮಡಿಯಾಗಿರುತ್ತದೆ. ಇಮ್ಮಡಿ ವೇಗದಲ್ಲಿ ಇಮ್ಮಡಿ ಕಾಲ ಓಡಿದರೆ ದೂರ ನಾಲ್ಮಡಿಯಾಗುತ್ತದೆ. ಮೊದಲನೆಯ ಗಾಡಿ ಬ್ರೇಕು ಹಿಡಿದು 5 ಮೀಟರಿನಲ್ಲಿ ನಿಂತರೆ ಎರಡನೆಯದಕ್ಕೆ 20 ಮೀಟರು ಬೇಕು. ಪ್ರತಿಕ್ರಿಯೆಯ ದೂರವು ವೇಗದೊಡನೆ ಸಮನಾಗಿ ಬೆಳೆದರೆ, ಬ್ರೇಕಿನ ದೂರವು ವೇಗದ ವರ್ಗದಂತೆ ಬೆಳೆಯುತ್ತದೆ. ಊರೊಳಗಿನ ಸಾಧಾರಣ ವೇಗದಲ್ಲಿ ಮೊದಲನೆಯದು ದೊಡ್ಡದು. ಹೆದ್ದಾರಿಯ ವೇಗದಲ್ಲಿ ಎರಡನೆಯದು ಅದನ್ನು ಮೀರಿಸುತ್ತದೆ.

ಇಲ್ಲಿಯೇ ಇನ್ನೊಂದು ಸಂಗತಿ ಅಡಗಿದೆ. ಬ್ರೇಕಿನ ದೂರದಲ್ಲಿ ಅರ್ಧ ಕಳೆದಾಗ ವೇಗವೂ ಅರ್ಧಕ್ಕೆ ಇಳಿದಿರುವುದಿಲ್ಲ. 60ರ ಗಾಡಿ ತನ್ನ 20 ಮೀಟರುಗಳಲ್ಲಿ 10ನ್ನು ಕ್ರಮಿಸಿದಾಗ ಅದರ ವೇಗ ಇನ್ನೂ ಗಂಟೆಗೆ 42 ಕಿಲೋಮೀಟರು. ಮುಕ್ಕಾಲು ಪಾಲು ದೂರ ಮುಗಿದ ಮೇಲೆಯೇ ಅದು 30ಕ್ಕೆ ಇಳಿಯುವುದು. ಮೊದಮೊದಲು ಗಾಡಿ ವೇಗವಾಗಿ ಓಡುವುದರಿಂದ ಪ್ರತಿ ಮೀಟರನ್ನು ದಾಟಲು ಹಿಡಿಯುವ ಕಾಲ ಸ್ವಲ್ಪ; ಅಷ್ಟು ಸ್ವಲ್ಪ ಕಾಲದಲ್ಲಿ ಬ್ರೇಕು ತಗ್ಗಿಸಬಲ್ಲ ವೇಗವೂ ಸ್ವಲ್ಪವೇ. ವೇಗದ ಬಹುಭಾಗ ಇಳಿಯುವುದು ಕೊನೆಯ ಕೆಲವು ಮೀಟರುಗಳಲ್ಲಿ.

ಇನ್ನು ರಸ್ತೆಯಲ್ಲಿ ನಿಂತಿರುವ ಹುಡುಗನ ಬಳಿಗೆ ಬರೋಣ. ಗಂಟೆಗೆ 40 ಕಿಲೋಮೀಟರಿನಲ್ಲಿ ಬಂದ ಚಾಲಕನು ಕಂಡು ಒತ್ತುವುದರೊಳಗೆ 16.7 ಮೀಟರು ಬಂದ. ಬ್ರೇಕು ಹಿಡಿದ ಮೇಲೆ 8.8 ಮೀಟರು. ಒಟ್ಟು 25.5 ಮೀಟರು. ಗಾಡಿ ಹುಡುಗನಿಂದ ಒಂದು ಮೊಳದಷ್ಟು ಈಚೆಗೆ ನಿಂತಿತು. ಇನ್ನು 50ರಲ್ಲಿ ಬಂದವನು. ಬ್ರೇಕು ಹಿಡಿಯುವ ಮೊದಲೇ ಅವನ 20.8 ಮೀಟರು ಮುಗಿದಿದೆ, ಉಳಿದಿರುವುದು 5.2 ಮೀಟರು, ನಿಲ್ಲಲು ಬೇಕಾದುದು ಸುಮಾರು 14. ಅವನ ಗಾಡಿ ಹುಡುಗನನ್ನು ಮುಟ್ಟುವಾಗ ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 40 ಕಿಲೋಮೀಟರು. ವೇಗದಲ್ಲಿ ಹತ್ತು ಕಿಲೋಮೀಟರಿನ ಅಂತರ, ಅದರ ಫಲದಲ್ಲಿ ನಲವತ್ತರ ಅಂತರ! 60ರಲ್ಲಿ ಬಂದವನ ಸ್ಥಿತಿಯನ್ನು ಹೇಳುವುದೇ ಬೇಡ. ಅವನು 25 ಮೀಟರು ಬಂದ ಮೇಲೆ ಬ್ರೇಕು ಹಿಡಿಯಿತು. ಉಳಿದುದು ಒಂದೇ ಮೀಟರು. ಅವನು ಗಂಟೆಗೆ 58 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹುಡುಗನಿಗೆ ಬಡಿಯುತ್ತಾನೆ. "ನಾನು ಬ್ರೇಕು ಒತ್ತಿದ್ದೆ" ಎಂದು ಆಮೇಲೆ ಅವನು ಹೇಳಿದರೆ ಅದು ಸುಳ್ಳೇನೂ ಅಲ್ಲ.

ಇದು ಒಣ ರಸ್ತೆಯ ಮಾತು. ಮುಂಬಯಿಯಲ್ಲಿ ಜೂನ್ ತಿಂಗಳು ಕಾಲಿಟ್ಟಿತೆಂದರೆ ಲೆಕ್ಕವನ್ನು ಹೊಸದಾಗಿ ಹಾಕಬೇಕು. ನೆನೆದ ರಸ್ತೆಯಲ್ಲಿ ಘರ್ಷಣೆಯು ತೂಕದ ಹತ್ತರಲ್ಲಿ ನಾಲ್ಕು ಪಾಲಿಗೆ ಇಳಿಯಬಹುದು. ಬೇಸಗೆಯಲ್ಲೆಲ್ಲ ರಸ್ತೆಯ ಮೇಲೆ ಕೂತ ಧೂಳೂ ಸೋರಿದ ಎಣ್ಣೆಯೂ ಮೊದಲ ಮಳೆಯ ನೀರಿನೊಡನೆ ಕಲಸಿಕೊಂಡಾಗ ಅದು ಇನ್ನೂ ಕಡಿಮೆಯಾಗುತ್ತದೆ. ಆ ನಾಲ್ಕು ಪಾಲಿನ ಲೆಕ್ಕದಂತೆ ನೋಡಿದರೆ, ಒಣ ರಸ್ತೆಯಲ್ಲಿ ಹುಡುಗನನ್ನು ಉಳಿಸಿದ ಅದೇ 40ರ ಗಾಡಿಗೆ ಈಗ 32 ಮೀಟರು ಬೇಕು. ಅದು ಗಂಟೆಗೆ 25 ಕಿಲೋಮೀಟರಿನಲ್ಲಿ ಅವನಿಗೆ ತಾಗುತ್ತದೆ. ಆ 26 ಮೀಟರುಗಳೊಳಗೆ ನಿಲ್ಲಬೇಕಾದರೆ ಮಳೆಯಲ್ಲಿ ವೇಗ 34ನ್ನು ಮೀರಕೂಡದು. ಸವೆದ ಟಯರಿದ್ದರೆ ಇನ್ನೂ ಕಡಿಮೆ, ಏಕೆಂದರೆ ನೀರನ್ನು ಹೊರಕ್ಕೆ ಹಾಯಿಸುವುದು ಟಯರಿನ ಮೈಮೇಲಿನ ಕಾಲುವೆಗಳ ಕೆಲಸ.

ಮಳೆಯು ಬ್ರೇಕಿನ ದೂರವನ್ನು ಬೆಳೆಸಿದರೆ, ಪ್ರತಿಕ್ರಿಯೆಯ ದೂರವನ್ನು ಬೆಳೆಸುವವು ನಿದ್ದೆಗಣ್ಣು, ಮದ್ಯ ಮತ್ತು ಅಂಗೈಯಲ್ಲಿಯ ಮೊಬೈಲು. ಬಂದ ಸಂದೇಶವನ್ನು ನೋಡಲೆಂದು ಎರಡು ಸೆಕೆಂಡು ಕಣ್ಣು ಕೆಳಗಿಳಿಸಿದರೆ, 60ರ ವೇಗದಲ್ಲಿ ಗಾಡಿ 33 ಮೀಟರು ಕುರುಡಾಗಿ ಓಡಿರುತ್ತದೆ. ಪ್ರತಿಕ್ರಿಯೆಯ ಕಾಲ ಅದರ ಮೇಲೆ ಆರಂಭವಾಗಬೇಕು.

ಅಪಘಾತವಾದ ಸ್ಥಳದಲ್ಲಿ ಪೋಲೀಸರು ಟೇಪು ಹಿಡಿದು ರಸ್ತೆಯ ಮೇಲಿನ ಕರಿಯ ಗೆರೆಗಳನ್ನು ಅಳೆಯುವುದನ್ನು ಕೆಲವರು ಕಂಡಿರಬಹುದು. ಗಾಲಿ ತಿರುಗದೆ ಕಚ್ಚಿಕೊಂಡು ಜಾರಿದಾಗ ಟಯರು ಎಳೆದ ಗೆರೆಗಳವು. ನಾವು ಮಾಡಿದ ಲೆಕ್ಕವನ್ನೇ ಅವರು ಹಿಂದುಮುಂದಾಗಿ ಮಾಡುತ್ತಾರೆ. ಒಣ ರಸ್ತೆಯಲ್ಲಿ 20 ಮೀಟರಿನ ಗೆರೆಯಿದ್ದು, ಅದರ ಕೊನೆಯಲ್ಲಿ ಗಾಡಿ ತಾನಾಗಿ ನಿಂತಿದ್ದರೆ, ಗೆರೆ ಮೊದಲಾಗುವಲ್ಲಿ ವೇಗ ಸುಮಾರು 60 ಇತ್ತು. 5 ಮೀಟರಿನದಾದರೆ 30. ಗಾಡಿಯು ನಿಲ್ಲುವ ಮೊದಲೇ ಏನಕ್ಕಾದರೂ ಬಡಿದಿದ್ದರೆ ನಿಜವಾದ ವೇಗ ಇದಕ್ಕಿಂತ ಹೆಚ್ಚೇ ಆಗಿರುತ್ತದೆ, ಏಕೆಂದರೆ ಬಡಿತದಲ್ಲಿ ಕಳೆದುಹೋದ ವೇಗವು ಗೆರೆಯಲ್ಲಿ ಮೂಡಿರುವುದಿಲ್ಲ. ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕುಗಳಿರುವ ಈಗಿನ ಗಾಡಿಗಳಲ್ಲಿ ಗೆರೆಯೇ ಬಹಳ ಮಸುಕು. ಹಲವೆಡೆ ಕಾಣುವುದೇ ಇಲ್ಲ. ಇನ್ನು ಚಾಲಕನು ಹುಡುಗನನ್ನು ಕಂಡ ಜಾಗದಿಂದ ಗೆರೆ ಮೊದಲಾಗುವವರೆಗಿನ ಆ 25 ಮೀಟರು ಯಾವ ರಸ್ತೆಯ ಮೇಲೂ ಗುರುತು ಬಿಡುವುದಿಲ್ಲ. ಅದನ್ನು ತಿಳಿಯಲು ಕಂಡವರ ಮಾತನ್ನೋ ಬೀದಿಯ ಕ್ಯಾಮರಾವನ್ನೋ ಆಶ್ರಯಿಸಬೇಕಾಗುತ್ತದೆ.